ಟ್ಯಾಂಕು ಬೇರೆ, ಸ್ಟ್ಯಾಕು ಬೇರೆ, ಬೆಲೆಯೂ ಬೇರೆಯೇ?

ದೊಡ್ಡ ಬ್ಯಾಟರಿ ಕೇಂದ್ರಗಳ ಸುದ್ದಿಯಲ್ಲಿ ಎರಡು ಅಂಕಿಗಳಿರಬೇಕು. ನಮ್ಮ ಪತ್ರಿಕೆಗಳು ಎಷ್ಟೋ ಸಲ ಅದರಲ್ಲಿ ಒಂದನ್ನು ಬಿಟ್ಟುಬಿಡುತ್ತವೆ. ಚೀನಾದ ಬಂದರು ನಗರ ದಾಲಿಯನ್‌ನಲ್ಲಿ 2022ರಲ್ಲಿ ಗ್ರಿಡ್‌ಗೆ ಸೇರಿದ ವನೇಡಿಯಂ ಫ್ಲೋ ಬ್ಯಾಟರಿ ಕೇಂದ್ರದ ಅಳತೆ 100 ಮೆಗಾವ್ಯಾಟ್ ಮತ್ತು 400 ಮೆಗಾವ್ಯಾಟ್-ಗಂಟೆ. ಯಾವುದೇ ಕ್ಷಣದಲ್ಲಿ ಅದು ಹೊರಗೆ ಎಷ್ಟು ರಭಸದಿಂದ ಕರೆಂಟು ಕೊಡಬಲ್ಲದು ಎಂಬುದನ್ನು ಮೊದಲ ಅಂಕಿ ಹೇಳುತ್ತದೆ. ಒಟ್ಟು ಎಷ್ಟು ತುಂಬಿಟ್ಟುಕೊಳ್ಳಬಲ್ಲದು ಎಂಬುದನ್ನು ಎರಡನೆಯದು ಹೇಳುತ್ತದೆ. ನಮ್ಮ ಮನೆ ಮೀಟರಿನ ಲೆಕ್ಕದಲ್ಲಿ ಅದು 4 ಲಕ್ಷ ಯೂನಿಟ್. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ 4 ಗಂಟೆ ಬರುತ್ತದೆ. ಪೂರ್ತಿ ರಭಸದಲ್ಲಿ ಓಡಿಸಿದರೆ ಕೇಂದ್ರ ಅಷ್ಟು ಹೊತ್ತಿನಲ್ಲಿ ಖಾಲಿಯಾಗುತ್ತದೆ.

ಈ ಎರಡು ಅಂಕಿಗಳನ್ನು ಒಂದಕ್ಕೊಂದು ಸಂಬಂಧವಿಲ್ಲದಂತೆ ಆರಿಸಿಕೊಳ್ಳಬಹುದು ಎಂಬುದೇ ಫ್ಲೋ ಬ್ಯಾಟರಿ ಪರವಾಗಿ ಮುಂದಿಡುವ ದೊಡ್ಡ ವಾದ. ಭೌತಶಾಸ್ತ್ರದ ಮಟ್ಟಿಗೆ ಅದು ನಿಜ. ಆ ಸ್ವಾತಂತ್ರ್ಯಕ್ಕೆ ಎಷ್ಟು ಬೆಲೆ ಕಟ್ಟಬೇಕು ಎನ್ನುವಲ್ಲಿ ತಕರಾರು ಶುರುವಾಗುತ್ತದೆ.

ಲಿಥಿಯಂ ಬ್ಯಾಟರಿಯಲ್ಲಿ ಈ ಆಯ್ಕೆ ಇಲ್ಲ. ಅಲ್ಲಿ ಶಕ್ತಿಯನ್ನು ಹಿಡಿದಿಡುವ ಪದಾರ್ಥವನ್ನೇ ತೆಳು ಲೋಹದ ಹಾಳೆಗೆ ಬಳಿದಿರುತ್ತಾರೆ. ಕರೆಂಟು ಹುಟ್ಟುವುದೂ ಅದೇ ಹಾಳೆಯ ಮೇಲೆ. ಕೇಂದ್ರ ಇನ್ನೂ 4 ಗಂಟೆ ಹೆಚ್ಚು ನಡೆಯಬೇಕೆಂದರೆ ಅಷ್ಟೇ ಸೆಲ್‌ಗಳನ್ನು ಮತ್ತೆ ತರಬೇಕು. ಪ್ರತಿ ಸೆಲ್ಲಿನ ಜೊತೆಗೂ ಅದರ ಹಾಳೆ, ಪೊರೆ, ಡಬ್ಬಿ, ತಂತಿ ಎಲ್ಲ ಬರುತ್ತವೆ. ರಭಸ ಬೇಕಿಲ್ಲದಿದ್ದರೂ ರಭಸಕ್ಕೆ ಬೇಕಾದ ಸಾಮಾನಿಗೆ ದುಡ್ಡು ಕೊಟ್ಟಂತಾಗುತ್ತದೆ.

ಫ್ಲೋ ಬ್ಯಾಟರಿಯ ರಚನೆ ನಮ್ಮ ಜಲವಿದ್ಯುತ್ ಕೇಂದ್ರಗಳಿಗೆ ಹತ್ತಿರ. ಶರಾವತಿಯಲ್ಲಿ ತಳಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ ಕಟ್ಟಲು ಹೊರಟಿರುವ, ಕಾಡಿನ ಪ್ರಶ್ನೆಯಿಂದ ವಿವಾದದಲ್ಲಿರುವ ಪಂಪ್ಡ್ ಸ್ಟೋರೇಜ್ ಯೋಜನೆಯ 2,000 ಮೆಗಾವ್ಯಾಟ್ ಎಂಬುದು ಟರ್ಬೈನುಗಳ ಅಳತೆ. ಎಷ್ಟು ಗಂಟೆ ಓಡುತ್ತದೆ ಎಂಬುದನ್ನು ನೀರು ನಿಲ್ಲುವ ಜಾಗ ತೀರ್ಮಾನಿಸುತ್ತದೆ. ಫ್ಲೋ ಬ್ಯಾಟರಿಯಲ್ಲಿ ನೀರಿನ ಜಾಗದಲ್ಲಿ ವನೇಡಿಯಂ ಕರಗಿಸಿದ ಗಂಧಕಾಮ್ಲದ ದ್ರಾವಣ ಇರುತ್ತದೆ, ಜಲಾಶಯದ ಜಾಗದಲ್ಲಿ ಎರಡು ಟ್ಯಾಂಕು. ಟರ್ಬೈನಿನ ಜಾಗದಲ್ಲಿ ಸ್ಟ್ಯಾಕ್, ಅಂದರೆ ಇಂಗಾಲದ ಫೆಲ್ಟ್ ಎಲೆಕ್ಟ್ರೋಡು, ಪೊರೆ, ಗ್ರ್ಯಾಫೈಟ್ ತಟ್ಟೆಗಳನ್ನು ಪದರಪದರವಾಗಿ ಒತ್ತಿ ಕಟ್ಟಿದ ಪೆಟ್ಟಿಗೆ. ಎರಡೂ ಟ್ಯಾಂಕುಗಳ ದ್ರಾವಣವನ್ನು ಪಂಪುಗಳು ಸ್ಟ್ಯಾಕಿನ ಮೂಲಕ ಸುತ್ತಿಸುತ್ತವೆ. ಪೊರೆಯ ಆಚೆ ಒಂದು ದ್ರಾವಣ, ಈಚೆ ಇನ್ನೊಂದು. ರಾಸಾಯನಿಕ ಕ್ರಿಯೆ ನಡೆಯುವುದು ಅಲ್ಲಿ ಮಾತ್ರ. ಟ್ಯಾಂಕು ಬರಿಯ ಉಗ್ರಾಣ.

ದ್ರಾವಣವನ್ನು ಹೊರಗಿಡುವ ಯೋಚನೆ ವನೇಡಿಯಂಗಿಂತ ಹಳೆಯದು. 1970ರ ದಶಕದಲ್ಲಿ ಅಮೆರಿಕದ ನಾಸಾ ಕಬ್ಬಿಣ ಮತ್ತು ಕ್ರೋಮಿಯಂ ಜೋಡಿಯ ಮೇಲೆ ಕೆಲಸ ಮಾಡಿತ್ತು. ಯಾವ ಪೊರೆಯೂ ಪೂರ್ತಿ ಬಿಗಿ ಇರುವುದಿಲ್ಲವಾದ್ದರಿಂದ ಒಂದು ಬದಿಯ ಲೋಹ ಇನ್ನೊಂದು ಬದಿಗೆ ನುಸುಳಿತು, ದ್ರಾವಣ ಕೆಟ್ಟಿತು. 1980ರ ದಶಕದಲ್ಲಿ ಸಿಡ್ನಿಯ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದಲ್ಲಿ ಮರಿಯಾ ಸ್ಕಿಲ್ಲಾಸ್-ಕಜಾಕೋಸ್ ಮತ್ತು ಸಂಗಡಿಗರು ಎರಡೂ ಬದಿಗೆ ಒಂದೇ ಲೋಹ ಹಾಕುವ ದಾರಿ ಹಿಡಿದರು. ವನೇಡಿಯಂ ನಾಲ್ಕು ಸ್ಥಿತಿಗಳಲ್ಲಿ ಕರಗಿರಬಲ್ಲದು, ಪ್ರತಿ ಸ್ಥಿತಿಗೂ ತನ್ನದೇ ಬಣ್ಣ. ಚಾರ್ಜ್ ಆದಾಗ ಋಣ ಬದಿಯಲ್ಲಿ ನೇರಳೆ, ಧನ ಬದಿಯಲ್ಲಿ ಹಳದಿ. ಖಾಲಿಯಾದಾಗ ಹಸಿರು ಮತ್ತು ನೀಲಿ. ಈಗಲೂ ನುಸುಳುತ್ತದೆ, ಆದರೆ ನುಸುಳಿದ್ದು ಅದೇ ಲೋಹ. ಆಗಾಗ ಎರಡೂ ದ್ರಾವಣಗಳನ್ನು ಬೆರೆಸಿ ಮತ್ತೆ ಚಾರ್ಜ್ ಮಾಡಿದರೆ ಹೋದ ಸಾಮರ್ಥ್ಯದ ಬಹುಪಾಲು ಮರಳುತ್ತದೆ. ಟ್ಯಾಂಕಿನಲ್ಲಿರುವ ಸರಕು ಇಪ್ಪತ್ತು ವರ್ಷವಾದರೂ ಸವೆಯದು ಎಂಬ ಮಾತಿಗೆ ಇದೇ ಆಧಾರ.

ಈಗ ಒಂದು ಲೆಕ್ಕ ಮಾಡೋಣ. 1 ಮೆಗಾವ್ಯಾಟ್ ಕೇಂದ್ರ ಬೇಕು ಎಂದಿಟ್ಟುಕೊಳ್ಳಿ. ಒಂದು ಸೆಲ್ ಡಿಸ್ಚಾರ್ಜ್ ಆಗುವಾಗ ಸರಾಸರಿ 1.25 ವೋಲ್ಟ್ ಕೊಡುತ್ತದೆ, ಎಲೆಕ್ಟ್ರೋಡಿನ ಪ್ರತಿ ಚದರ ಸೆಂಟಿಮೀಟರಿಗೆ 150 ಮಿಲಿಆಂಪಿಯರ್ ಎಳೆಯುತ್ತೇವೆ ಎನ್ನೋಣ. ಆಗ ಒಂದು ಚದರ ಮೀಟರ್ ಎಲೆಕ್ಟ್ರೋಡಿನಿಂದ ಸುಮಾರು 1.9 ಕಿಲೋವ್ಯಾಟ್ ಸಿಗುತ್ತದೆ. 1 ಮೆಗಾವ್ಯಾಟಿಗೆ ಸುಮಾರು 530 ಚದರ ಮೀಟರ್ ಬೇಕು. ಅರ್ಧ ಚದರ ಮೀಟರಿನ 40 ಸೆಲ್ ಸೇರಿಸಿ ಒಂದು ಸ್ಟ್ಯಾಕ್ ಮಾಡಿದರೆ 27 ಸ್ಟ್ಯಾಕ್ ಆಗುತ್ತವೆ. ಈ ಲೆಕ್ಕದಲ್ಲಿ ಎಲ್ಲಿಯೂ ಗಂಟೆಯ ಮಾತು ಬಂದಿಲ್ಲ ಎಂಬುದನ್ನು ಗಮನಿಸಿ.

ಗಂಟೆ ಬರುವುದು ಟ್ಯಾಂಕಿನ ಲೆಕ್ಕದಲ್ಲಿ. ಅದೇ 1.25 ವೋಲ್ಟಿನಲ್ಲಿ 1 ಯೂನಿಟ್ ಕೊಡಲು 800 ಆಂಪಿಯರ್-ಗಂಟೆಯಷ್ಟು ವಿದ್ಯುದಂಶ ಬೇಕು, ಅಂದರೆ ಪ್ರತಿ ಬದಿಯಲ್ಲೂ ಸುಮಾರು 30 ಮೋಲ್ ವನೇಡಿಯಂ. ಸಾಮಾನ್ಯವಾಗಿ ಲೀಟರಿಗೆ 1.6 ಮೋಲ್ ಕರಗಿಸುತ್ತಾರೆ. ಟ್ಯಾಂಕನ್ನು ತೀರಾ ತುಂಬಿಸದೆ, ತೀರಾ ಬರಿದು ಮಾಡದೆ ನೂರರಲ್ಲಿ 80 ಭಾಗ ಮಾತ್ರ ಬಳಸಿದರೆ, ಎರಡೂ ಬದಿ ಸೇರಿ ಒಂದು ಯೂನಿಟ್ಟಿಗೆ 47 ಲೀಟರ್ ದ್ರಾವಣ. 4 ಗಂಟೆಯ ಕೇಂದ್ರಕ್ಕೆ ಸುಮಾರು 1.9 ಲಕ್ಷ ಲೀಟರ್, 8 ಗಂಟೆಗೆ 3.8 ಲಕ್ಷ ಲೀಟರ್. ಎರಡರಲ್ಲೂ ಸ್ಟ್ಯಾಕ್ 27 ಮಾತ್ರ. ಅವುಗಳ ಜೊತೆಗಿನ ಪಂಪು, ಇನ್ವರ್ಟರ್ ಕೂಡ ಅವೇ. ನಾಲ್ಕು ಗಂಟೆ ಸಾಕು ಎಂದು ಕಟ್ಟಿದವರು ಐದು ವರ್ಷದ ನಂತರ ಪಕ್ಕದಲ್ಲಿ ಇನ್ನೊಂದು ಜೋಡಿ ಟ್ಯಾಂಕು ಇಟ್ಟು ಪೈಪು ಸೇರಿಸಿದರೆ ಎಂಟು ಗಂಟೆಯಾಗುತ್ತದೆ. ನುಸುಳುವಿಕೆ ಪೊರೆಯ ವಿಸ್ತಾರವನ್ನು ಅವಲಂಬಿಸಿದ್ದು, ಟ್ಯಾಂಕಿನ ಗಾತ್ರವನ್ನಲ್ಲ. ಹಾಗಾಗಿ ಟ್ಯಾಂಕು ದೊಡ್ಡದಾದಷ್ಟೂ ಒಟ್ಟು ಸರಕಿನಲ್ಲಿ ದಿನಕ್ಕೆ ಏರುಪೇರಾಗುವ ಪಾಲು ಕಡಿಮೆ. ಪಂಪು ನಿಲ್ಲಿಸಿಬಿಟ್ಟರೆ ತಾನಾಗಿ ಖಾಲಿಯಾಗುವುದು ಸ್ಟ್ಯಾಕಿನೊಳಗೆ ಉಳಿದ ದ್ರಾವಣ ಮಾತ್ರ. ದೊಡ್ಡ ಟ್ಯಾಂಕಿನ ಪರವಾದ ವಾದ ಇಲ್ಲಿಯವರೆಗೆ ಗಟ್ಟಿಯಾಗಿದೆ.

ಹಣದ ಲೆಕ್ಕಕ್ಕೆ ಬನ್ನಿ. ಸ್ಟ್ಯಾಕ್, ಪಂಪು, ಇನ್ವರ್ಟರಿಗೆ ಪ್ರತಿ ಕಿಲೋವ್ಯಾಟಿಗೆ 4 ಪಾಲು ಖರ್ಚು, ದ್ರಾವಣ ಮತ್ತು ಟ್ಯಾಂಕಿಗೆ ಪ್ರತಿ ಯೂನಿಟ್ಟಿಗೆ 1 ಪಾಲು ಖರ್ಚು ಎಂದು ಕಲ್ಪಿಸಿಕೊಳ್ಳಿ. ಒಂದು ಗಂಟೆಯ ಕೇಂದ್ರದಲ್ಲಿ ಯೂನಿಟ್ಟಿಗೆ 5 ಪಾಲು ಬೀಳುತ್ತದೆ, ನಾಲ್ಕು ಗಂಟೆಯದರಲ್ಲಿ 2, ಹತ್ತು ಗಂಟೆಯದರಲ್ಲಿ 1.4. ಗಂಟೆ ಹೆಚ್ಚಾದಂತೆ ಸ್ಟ್ಯಾಕಿನ ಖರ್ಚು ಹೆಚ್ಚು ಯೂನಿಟ್ಟುಗಳ ಮೇಲೆ ಹರಡಿ ತೆಳ್ಳಗಾಗುತ್ತದೆ. ಫ್ಲೋ ಬ್ಯಾಟರಿ ಮಾರುವವರು ತೋರಿಸುವ ಇಳಿಜಾರಿನ ಗೆರೆ ಇದೇ. ಅವರು ಬೆರಳಿಟ್ಟು ತೋರಿಸದಿರುವುದು ಗೆರೆಯ ಬಲ ತುದಿಯನ್ನು. ನೂರು ಗಂಟೆಗೆ ಹಿಗ್ಗಿಸಿದರೂ ಅದು 1ಕ್ಕಿಂತ ಕೆಳಗೆ ಇಳಿಯುವುದಿಲ್ಲ. ದ್ರಾವಣದ ಬೆಲೆಯೇ ನೆಲ. ಇದೇ ಲೆಕ್ಕವನ್ನು ತಿರುಗಿಸಿದರೆ, ಹದಿನೈದು ನಿಮಿಷ ಭಾರಿ ರಭಸ ಬೇಕಾದ ಕಡೆ ಈ ಬ್ಯಾಟರಿ ಎಷ್ಟು ದುಬಾರಿ ಎಂಬುದೂ ಕಾಣುತ್ತದೆ. ಎರಡೂ ಅಳತೆಗಳನ್ನು ಬೇರೆಬೇರೆಯಾಗಿ ಆರಿಸಬಹುದು ಎನ್ನುವುದು ಕಾಗದದ ಮೇಲೆ ಎರಡೂ ದಿಕ್ಕಿಗೆ ಅನ್ವಯಿಸುತ್ತದೆ; ಲಾಭ ಬರುವುದು ಗಂಟೆ ಹೆಚ್ಚಿಸುವ ಒಂದೇ ದಿಕ್ಕಿನಲ್ಲಿ.

ಆ ನೆಲ ಎಷ್ಟು ಎತ್ತರದಲ್ಲಿದೆ? ಮೇಲಿನ ಲೆಕ್ಕದಂತೆ ಒಂದು ಯೂನಿಟ್ಟಿಗೆ 3.8 ಕಿಲೋ ವನೇಡಿಯಂ ಬೇಕು. ಮಾರುಕಟ್ಟೆಯಲ್ಲಿ ಅದು ಪೆಂಟಾಕ್ಸೈಡ್ ಪುಡಿಯ ರೂಪದಲ್ಲಿ ಪೌಂಡಿನ ಲೆಕ್ಕಕ್ಕೆ ಬಿಕರಿಯಾಗುತ್ತದೆ; ನಮಗೆ ಬೇಕಾದದ್ದು ಸುಮಾರು 15 ಪೌಂಡ್. ಬೆಲೆ ಪೌಂಡಿಗೆ 6 ಡಾಲರ್ ಇದ್ದರೆ ಯೂನಿಟ್ಟಿಗೆ ಬರೀ ಪುಡಿಗೆ 90 ಡಾಲರ್. 2018ರ ಕೊನೆಯಲ್ಲಿ ಪೌಂಡಿಗೆ 25 ಡಾಲರ್ ದಾಟಿತ್ತು. ಕಟ್ಟಡದ ಕಬ್ಬಿಣದ ಸರಳುಗಳ ಗುಣಮಟ್ಟದ ನಿಯಮವನ್ನು ಚೀನಾ ಬಿಗಿ ಮಾಡಿತು, ಉಕ್ಕಿನ ಕಾರ್ಖಾನೆಗಳು ವನೇಡಿಯಂಗೆ ಮುಗಿಬಿದ್ದವು. ಆ ದರದಲ್ಲಿ ಅದೇ 15 ಪೌಂಡಿಗೆ 375 ಡಾಲರ್. ಮರುವರ್ಷವೇ ಬೆಲೆ 10 ಡಾಲರಿಗಿಂತ ಕೆಳಗೆ ಕುಸಿಯಿತು. ಬ್ಯಾಟರಿಯವರ ಹಣೆಬರಹವನ್ನು ಸರಳು ಉರುಳಿಸುವವರು ಬರೆಯುವ ಮಾರುಕಟ್ಟೆ ಇದು. ಹೋಲಿಕೆಗೆ ಒಂದು ಅಂಕಿ ಸಾಕು: ಬ್ಲೂಮ್‌ಬರ್ಗ್‌ನ ಸಮೀಕ್ಷೆ ಪ್ರಕಾರ 2024ರಲ್ಲಿ ಲಿಥಿಯಂ ಪ್ಯಾಕಿನ ಜಾಗತಿಕ ಸರಾಸರಿ ಬೆಲೆ ಯೂನಿಟ್ಟಿಗೆ 115 ಡಾಲರ್, ಅದೂ ತಯಾರಾದ ಪ್ಯಾಕಿಗೆ. ವನೇಡಿಯಂ ಅಗ್ಗವಾಗಿದ್ದಾಗಲೂ ಪುಡಿಯನ್ನು ದ್ರಾವಣ ಮಾಡಿ ಟ್ಯಾಂಕಿಗೆ ತುಂಬುವ ಹೊತ್ತಿಗೆ ಎರಡೂ ಪಕ್ಕಪಕ್ಕ ಬಂದು ನಿಲ್ಲುತ್ತವೆ, ಇನ್ನೂ ಸ್ಟ್ಯಾಕ್ ಕೊಂಡಿಲ್ಲ.

ಇದಕ್ಕೆ ಫ್ಲೋ ಬ್ಯಾಟರಿಯವರ ಉತ್ತರವನ್ನು ತಳ್ಳಿಹಾಕುವಂತಿಲ್ಲ. ಲಿಥಿಯಂ ಸೆಲ್ಲಿಗೆ ಕೊಟ್ಟ ಹಣ ಸವೆದು ಹೋಗುತ್ತದೆ. ವನೇಡಿಯಂಗೆ ಕೊಟ್ಟದ್ದು ಟ್ಯಾಂಕಿನಲ್ಲೇ ಇರುತ್ತದೆ. ಇಪ್ಪತ್ತು ವರ್ಷ ಕಳೆದು ಸ್ಟ್ಯಾಕ್ ಗುಜರಿಗೆ ಹೋದರೂ ದ್ರಾವಣವನ್ನು ಇನ್ನೊಂದು ಕೇಂದ್ರಕ್ಕೆ ಮಾರಬಹುದು, ಇಲ್ಲವೇ ಲೋಹವನ್ನು ಉಕ್ಕಿನವರಿಗೆ ಕೊಡಬಹುದು. ಆದ್ದರಿಂದ ದ್ರಾವಣವನ್ನು ಕೊಳ್ಳದೆ ಬಾಡಿಗೆಗೆ ಪಡೆಯುವ ವ್ಯವಸ್ಥೆಯೂ ಹುಟ್ಟಿಕೊಂಡಿದೆ. ಟ್ಯಾಂಕು ಬೇರೆಯಾಗಿರುವುದರಿಂದಲೇ ಇದು ಸಾಧ್ಯ. ಸೆಲ್ಲಿನೊಳಗಿನ ಪದಾರ್ಥವನ್ನಷ್ಟೇ ಬಾಡಿಗೆಗೆ ಕೊಡುವುದು ಯಾರಿಂದಲೂ ಆಗದು. ಅಳತೆ ಬೇರೆ ಮಾಡಬಹುದು ಎಂಬುದಕ್ಕಿಂತ ಮಾಲೀಕತ್ವವನ್ನೇ ಬೇರೆ ಮಾಡಬಹುದು ಎಂಬುದು ನನಗೆ ಹೆಚ್ಚು ಬೆಲೆಯುಳ್ಳ ಗುಣವಾಗಿ ಕಾಣುತ್ತದೆ. ಆದರೆ ಬಡ್ಡಿ ದರ ಎತ್ತರದಲ್ಲಿರುವ ನಮ್ಮಂಥ ದೇಶದಲ್ಲಿ ಇಪ್ಪತ್ತು ವರ್ಷದ ನಂತರ ಕೈಗೆ ಬರುವ ಹಣದ ಇಂದಿನ ಬೆಲೆ ತೀರಾ ಕಡಿಮೆ.

ಇನ್ನು ‘ಸಂಬಂಧವಿಲ್ಲ’ ಎಂಬ ಮಾತಿನಲ್ಲಿರುವ ಬಿರುಕಿನ ಬಗ್ಗೆ. ಸ್ಟ್ಯಾಕಿಗೂ ಟ್ಯಾಂಕಿಗೂ ನಡುವೆ ಪಂಪು ಇದೆ. ಮುಕ್ಕಾಲು ತುಂಬಿದ ಟ್ಯಾಂಕಿನಿಂದ ಒಂದು ಲೀಟರ್ ಬಂದರೆ ಅದರಲ್ಲಿ ಕೆಲಸ ಮಾಡುವ ಅಣುಗಳು ಧಾರಾಳವಾಗಿರುತ್ತವೆ. ಚಾರ್ಜ್ ಶೇಕಡ 10ಕ್ಕೆ ಇಳಿದಾಗ ಅದೇ ಲೀಟರಿನಲ್ಲಿ ಅವು ವಿರಳ. ನಮ್ಮ 1 ಮೆಗಾವ್ಯಾಟ್ ಕೇಂದ್ರದಲ್ಲಿ ಅರ್ಧ ಚಾರ್ಜ್ ಇದ್ದಾಗ ಪ್ರತಿ ಬದಿಗೆ ಸೆಕೆಂಡಿಗೆ ಕನಿಷ್ಠ 10 ಲೀಟರ್ ಹರಿದರೆ ಲೆಕ್ಕ ಸರಿಹೋಗುತ್ತದೆ. ಶೇಕಡ 10ರಲ್ಲಿ ಕನಿಷ್ಠ 52 ಲೀಟರ್ ಬೇಕು. ವಾಸ್ತವದಲ್ಲಿ ಇದರ ಕೆಲವು ಪಟ್ಟು ಹರಿಸುತ್ತಾರೆ. ಹರಿವು ಸಾಲದಿದ್ದರೆ ಮೊದಲು ಗೊತ್ತಾಗುವುದು ಸೆಲ್ ವೋಲ್ಟೇಜಿನಲ್ಲಿ: ಸಾಲಿನಲ್ಲಿ ಒಂದೆರಡು ಸೆಲ್ ಉಳಿದವುಗಳಿಗಿಂತ ಮುಂಚೆ ಕುಸಿಯುತ್ತವೆ. ಚಾರ್ಜ್ ಮಾಡುವಾಗ, ಪೂರ್ತಿ ಚಾರ್ಜ್ ಹತ್ತಿರ ಬಂದಾಗ ಹೀಗಾದರೆ ಧನ ಬದಿಯ ಇಂಗಾಲದ ಫೆಲ್ಟ್ ತಿನ್ನಲ್ಪಡುತ್ತದೆ, ಋಣ ಬದಿಯಲ್ಲಿ ಹೈಡ್ರೋಜನ್ ಗುಳ್ಳೆ ಏಳುತ್ತದೆ. ಅದಕ್ಕೆ ಮುಂಚೆಯೇ ನಿಯಂತ್ರಕ ರಭಸ ತಗ್ಗಿಸುತ್ತದೆ.

ಆದ್ದರಿಂದ ‘1 ಮೆಗಾವ್ಯಾಟ್, 8 ಗಂಟೆ’ ಎಂದು ಬರೆದ ಕೇಂದ್ರ ಏಳು ಗಂಟೆ ಪೂರ್ತಿ ರಭಸದಲ್ಲಿ ಓಡಿ ಕೊನೆಯ ಗಂಟೆ ಏದುಸಿರು ಬಿಡಬಹುದು. ತಪ್ಪಿಸುವ ದಾರಿ ಇದೆ. ಶೇಕಡ 10ರಿಂದ 90ರ ಬದಲು 20ರಿಂದ 80ರ ನಡುವೆ ಮಾತ್ರ ಬಳಸಿದರೆ ಪಂಪಿಗೂ ಸ್ಟ್ಯಾಕಿಗೂ ಆರಾಮ. ಆಗ ಯೂನಿಟ್ಟಿಗೆ 47 ಲೀಟರ್ ಇದ್ದದ್ದು 62 ಲೀಟರ್ ಆಗುತ್ತದೆ, ವನೇಡಿಯಂ ಖರ್ಚು ಮೂರನೇ ಒಂದು ಭಾಗ ಏರುತ್ತದೆ. ಒಂದು ಅನುಕೂಲವನ್ನೂ ಇಲ್ಲಿ ಹೇಳಬೇಕು. ಲಿಥಿಯಂ ಬ್ಯಾಟರಿಯಲ್ಲಿ ಎಷ್ಟು ಉಳಿದಿದೆ ಎಂಬುದನ್ನು ಅಂದಾಜಿಸಬೇಕು. ಇಲ್ಲಿ ಹೊರೆಯಿಲ್ಲದ ಪುಟ್ಟ ಸೆಲ್ಲೊಂದರ ಮೂಲಕ ಅದೇ ದ್ರಾವಣವನ್ನು ಹರಿಸಿ ವೋಲ್ಟೇಜ್ ನೋಡಿದರೆ ಚಾರ್ಜ್ ಮಟ್ಟ ನೇರವಾಗಿ ತಿಳಿಯುತ್ತದೆ. ಎರಡು ಟ್ಯಾಂಕುಗಳ ದ್ರಾವಣದ ಮಟ್ಟ ಬೇರೆಯಾಗತೊಡಗಿದರೆ ಪೊರೆಯ ಮೂಲಕ ನೀರು ಒಂದು ಕಡೆಗೆ ಸಾಗುತ್ತಿದೆ ಎಂದರ್ಥ, ಬೆರೆಸಿ ಸಮ ಮಾಡುವ ಸಮಯ ಬಂದಿದೆ. ಕೊನೆಯ ಗಂಟೆ ಕೈಕೊಡುವುದು ಈ ಬ್ಯಾಟರಿಯಲ್ಲಿ ಅನಿರೀಕ್ಷಿತವಲ್ಲ, ಮುಂಚೆಯೇ ಲೆಕ್ಕ ಹಾಕಬಹುದಾದದ್ದು.

ಲಿಥಿಯಂ ಪಕ್ಷದವರು ಇನ್ನೊಂದು ಮಾತು ಹೇಳುತ್ತಾರೆ, ಅದೂ ನ್ಯಾಯವಾದದ್ದೇ. ಎಂಟು ಗಂಟೆಗೆ ಎರಡು ಪಟ್ಟು ಸೆಲ್ ಕೊಂಡರೆ ರಭಸದ ಸಾಮಾನು ವ್ಯರ್ಥವಾಯಿತು ಎನ್ನುತ್ತೀರಿ. ಆ ಸೆಲ್‌ಗಳು ನಿಧಾನವಾಗಿ ಕೆಲಸ ಮಾಡುವುದರಿಂದ ಕಡಿಮೆ ಬಿಸಿಯಾಗುತ್ತವೆ, ಹೆಚ್ಚು ಕಾಲ ಬಾಳುತ್ತವೆ. ವ್ಯರ್ಥವೂ ಅಗ್ಗವಾದರೆ ಅದನ್ನು ಸಹಿಸಬಹುದು. ಮೇಲಾಗಿ ಲಿಥಿಯಂ ಕೇಂದ್ರಕ್ಕೆ 100 ಯೂನಿಟ್ ಕೊಟ್ಟರೆ ಸುಮಾರು 85 ಮರಳುತ್ತದೆ. ವನೇಡಿಯಂನಲ್ಲಿ ಪಂಪಿನ ಖರ್ಚು ಸೇರಿ 65ರಿಂದ 75. ಚಾರ್ಜ್ ಮಾಡುವ ಕರೆಂಟಿಗೆ ಯೂನಿಟ್ಟಿಗೆ 3 ರೂಪಾಯಿ ಎಂದುಕೊಂಡರೆ, 70ರಲ್ಲಿ ಹೊರಬರುವ ಯೂನಿಟ್ಟಿಗೆ 4 ರೂಪಾಯಿ 29 ಪೈಸೆ ತಗಲುತ್ತದೆ, 85ರಲ್ಲಿ 3 ರೂಪಾಯಿ 53 ಪೈಸೆ. ಸುಮಾರು 75 ಪೈಸೆಯ ಈ ಅಂತರ ದಿನವೂ ಪ್ರತಿ ಯೂನಿಟ್ಟಿನ ಮೇಲೆ ಬೀಳುತ್ತದೆ, ಮತ್ತು ಟ್ಯಾಂಕು ಎಷ್ಟು ದೊಡ್ಡದಾದರೂ ಕಡಿಮೆಯಾಗುವುದಿಲ್ಲ. ಮಧ್ಯಾಹ್ನದ ಸೋಲಾರ್ ಕರೆಂಟನ್ನು ಬಳಸಲಾಗದೆ ಚೆಲ್ಲುವ ಪರಿಸ್ಥಿತಿ ಇರುವಲ್ಲಿ ಮಾತ್ರ ಅದು ನಗಣ್ಯ.

ಬಿಸಿಲಿನ ಮಾತು ನಮಗೆ ಸೇರಿದ್ದು. ಸಾಧಾರಣ ಗಂಧಕಾಮ್ಲದ ದ್ರಾವಣವನ್ನು 10ರಿಂದ 40 ಡಿಗ್ರಿಯ ನಡುವೆ ಇಡಬೇಕು. 40 ದಾಟಿ ಹೆಚ್ಚು ಹೊತ್ತು ನಿಂತರೆ ಚಾರ್ಜ್ ಆದ ಧನ ಬದಿಯಲ್ಲಿ ಪೆಂಟಾಕ್ಸೈಡ್ ಕೆಸರಾಗಿ ಇಳಿದು ಫೆಲ್ಟಿನಲ್ಲಿ ಕಟ್ಟಿಕೊಳ್ಳುತ್ತದೆ; ಪಂಪಿನ ಒತ್ತಡ ಏರುವುದೇ ಅದರ ಮೊದಲ ಗುರುತು. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ನೆರಳಿನ ಉಷ್ಣತೆಯೇ ಅಷ್ಟಿರುತ್ತದೆ. ಲಕ್ಷಗಟ್ಟಲೆ ಲೀಟರ್ ಬೇಗ ಬಿಸಿಯಾಗದು ಎಂಬುದು ದೊಡ್ಡ ಟ್ಯಾಂಕಿನ ಪರವಾದ ಅಂಶ. ಒಮ್ಮೆ ಬಿಸಿಯಾದರೆ ಬೇಗ ತಣಿಯುವುದೂ ಇಲ್ಲ. ಅಮೆರಿಕದ ಪೆಸಿಫಿಕ್ ನಾರ್ತ್‌ವೆಸ್ಟ್ ಪ್ರಯೋಗಾಲಯ 2011ರಲ್ಲಿ ಗಂಧಕಾಮ್ಲಕ್ಕೆ ಹೈಡ್ರೋಕ್ಲೋರಿಕ್ ಆಮ್ಲ ಬೆರೆಸಿ 50 ಡಿಗ್ರಿವರೆಗೂ ತಡೆಯುವ, ಹೆಚ್ಚು ಗಾಢವಾದ ದ್ರಾವಣವನ್ನು ತೋರಿಸಿತು. ಪಾವಗಡದ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕಿನ ಪಕ್ಕ ಇಂಥ ಬ್ಯಾಟರಿ ಇಡುವ ಆಲೋಚನೆ ಯಾರಿಗಾದರೂ ಬಂದರೆ ಮೊದಲು ಕೇಳಬೇಕಾದದ್ದು ಯಾವ ದ್ರಾವಣ, ತಂಪು ಮಾಡಲು ಎಷ್ಟು ಯೂನಿಟ್ ಎಂದು.

ಕಟ್ಟಿದ ಕೇಂದ್ರಗಳನ್ನೇ ಸಾಕ್ಷಿ ಕೇಳಿದರೆ ವಿಚಿತ್ರ ಉತ್ತರ ಬರುತ್ತದೆ. ಜಪಾನಿನ ಹೊಕ್ಕೈಡೊದಲ್ಲಿ ಮಿನಾಮಿ ಹಯಾಕಿತಾ ಸಬ್‌ಸ್ಟೇಷನ್ನಿನಲ್ಲಿ ಸುಮಿಟೊಮೊ ಎಲೆಕ್ಟ್ರಿಕ್ 2015ರಲ್ಲಿ ಇಟ್ಟದ್ದು 15 ಮೆಗಾವ್ಯಾಟ್, 60 ಮೆಗಾವ್ಯಾಟ್-ಗಂಟೆ: 4 ಗಂಟೆ. ದಾಲಿಯನ್: 4 ಗಂಟೆ. 2024ರ ಕೊನೆಯಲ್ಲಿ ಚೀನಾದ ಕ್ಸಿನ್‌ಜಿಯಾಂಗ್‌ನಲ್ಲಿ ಮುಗಿದದ್ದು 175 ಮೆಗಾವ್ಯಾಟ್, 700 ಮೆಗಾವ್ಯಾಟ್-ಗಂಟೆ: ಮತ್ತೆ 4. ಹತ್ತು ಗಂಟೆಯನ್ನೂ ಕೊಡಬಲ್ಲೆ ಎನ್ನುವ ತಂತ್ರಜ್ಞಾನ ದೊಡ್ಡ ಪ್ರಮಾಣದಲ್ಲಿ ಹೆಚ್ಚಾಗಿ ನಿಂತಿರುವುದು ಲಿಥಿಯಂ ಸಲೀಸಾಗಿ ಆಡುವ ನಾಲ್ಕು ಗಂಟೆಯ ಅಂಗಳದಲ್ಲೇ. ಗ್ರಿಡ್ ನಡೆಸುವವರು ಸಾಮಾನ್ಯವಾಗಿ ಸಂಜೆಯ ಆ ನಾಲ್ಕು ಗಂಟೆಗೆ ಹಣ ಕೊಡುತ್ತಾರೆ, ರಾತ್ರಿಯಿಡೀ ಕೊಡುವ ಹತ್ತು ಗಂಟೆಗೆ ಅಲ್ಲ. ಮಾರಾಟಕ್ಕಿರುವ ಬಹಳಷ್ಟು ಸಣ್ಣ ಫ್ಲೋ ಬ್ಯಾಟರಿಗಳು ಕಂಟೇನರಿನಲ್ಲಿ ಬರುತ್ತವೆ. ಟ್ಯಾಂಕು, ಸ್ಟ್ಯಾಕು ಎರಡೂ ಕಾರ್ಖಾನೆಯಲ್ಲೇ ಒಂದು ಅನುಪಾತಕ್ಕೆ ಕೂತಿರುತ್ತವೆ. ಸಾಗಿಸಲು ಸುಲಭ, ಪರೀಕ್ಷಿಸಲು ಸುಲಭ. ಬೇರೆಬೇರೆ ಅಳತೆಯ ಮಾತು ಮಾತ್ರ ಅಲ್ಲಿಗೆ ಮುಗಿಯಿತು, ಗಂಟೆ ಹೆಚ್ಚು ಬೇಕೆಂದರೆ ಇನ್ನೊಂದು ಕಂಟೇನರ್. ನಮ್ಮ ದೇಶದಲ್ಲಿ ಎನ್‌ಟಿಪಿಸಿ 2025ರ ನವೆಂಬರಿನಲ್ಲಿ ಗ್ರೇಟರ್ ನೋಯ್ಡಾದ ತನ್ನ ಸಂಶೋಧನಾ ಕೇಂದ್ರದಲ್ಲಿ 3 ಮೆಗಾವ್ಯಾಟ್-ಗಂಟೆಯ ವನೇಡಿಯಂ ಬ್ಯಾಟರಿ ಚಾಲೂ ಮಾಡಿದೆ. ಉತ್ತರದ ಬೇಸಿಗೆಯಲ್ಲಿ ಅದು ಹೇಗೆ ನಡೆಯುತ್ತದೆ ಎಂಬ ದಾಖಲೆ ನಮಗೆ ಯಾವುದೇ ಕಂಪನಿಯ ಕರಪತ್ರಕ್ಕಿಂತ ಉಪಯುಕ್ತ.

ನನ್ನ ತೂಕ ಹೀಗಿದೆ. ನಾಲ್ಕು ಗಂಟೆ ಅಥವಾ ಅದಕ್ಕಿಂತ ಕಡಿಮೆಗೆ, ಅಳತೆಗಳು ಬೇರೆಯಾಗಿವೆ ಎಂಬ ಒಂದೇ ಕಾರಣಕ್ಕೆ ವನೇಡಿಯಂ ಕೊಳ್ಳುವುದು ಸರಿಯಲ್ಲ. ಬೆಂಕಿಯ ಭಯ, ದೀರ್ಘ ಬಾಳಿಕೆಯಂಥ ಬೇರೆ ಕಾರಣಗಳಿದ್ದರೆ ಅದು ಬೇರೆ ಚರ್ಚೆ. ಎಂಟು ಗಂಟೆ ಮೀರಿ, ದಿನವೂ, ಎರಡು ದಶಕ, ಜಾಗಕ್ಕೆ ಕೊರತೆಯಿಲ್ಲದ ಕಡೆ, ದ್ರಾವಣ ಬಾಡಿಗೆಗೆ ಸಿಗುವುದಾದರೆ, ಲೆಕ್ಕ ಹಾಕಿ ನೋಡಲು ಯೋಗ್ಯ. ಟೆಂಡರ್ ಬರೆಯುವ ಅಧಿಕಾರಿಗಳಲ್ಲಿ ಒಂದು ಕೋರಿಕೆ: ದರವನ್ನು ಒಂದೇ ಮೊತ್ತದಲ್ಲಿ ಕೇಳಬೇಡಿ. ಪ್ರತಿ ಕಿಲೋವ್ಯಾಟಿಗೆ ಎಷ್ಟು, ಹೆಚ್ಚುವರಿ ಒಂದೊಂದು ಗಂಟೆಗೆ ಎಷ್ಟು ಎಂದು ಎರಡು ಸಾಲಿನಲ್ಲಿ ಬರೆಸಿಕೊಳ್ಳಿ, ಚಾರ್ಜ್ ತಳ ಮುಟ್ಟುವಾಗಲೂ ಪೂರ್ತಿ ರಭಸ ಸಿಗುತ್ತದೆಯೇ ಎಂದು ಕೇಳಿ, ಉತ್ತರವನ್ನು ಕರಾರಿನಲ್ಲಿ ಸೇರಿಸಿ.